ಡಿಸ್ಚಾರ್ಜ್ ಚೀಟಿಯನ್ನು ಮನೆಯವರಿಗೆ ಕನ್ನಡದಲ್ಲಿ ಬರೆದುಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ಔಷಧ ಅಂಗಡಿಯ ಕೌಂಟರ್ ಹಿಂದೆ ನಿಂತು ಬಹಳ ವರ್ಷಗಳಾದವು. ಬೆಳಗಾವಿಯಿಂದಲೋ ವಿಜಯಪುರದಿಂದಲೋ, ಇಲ್ಲವೇ ಗಡಿ ದಾಟಿ ಮಿರಜ್, ಸೊಲ್ಲಾಪುರದಿಂದಲೋ ಪೇಶಂಟ್ ಮನೆಗೆ ಬಂದ ಮರುದಿನ ಯಾರಾದರೊಬ್ಬರು ಫೈಲು ಹಿಡಿದು ಬರುತ್ತಾರೆ. "ಇದನ್ನ ಸ್ವಲ್ಪ ಕನ್ನಡದಾಗ ಬರದು ಕೊಡ್ರಿ" ಅನ್ನುತ್ತಾರೆ. ಮನೆಯಲ್ಲಿ ಓದು ಬಲ್ಲ ಹುಡುಗರು ತಾವೇ ಬರೆಯಲು ಕುಳಿತಾಗಲೂ ಇವೇ ಪ್ರಶ್ನೆಗಳು ಬರುತ್ತವೆ.

ಉತ್ತರಗಳಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಹೋಗಿದ್ದೇನೆ. ಜಮಖಂಡಿ ತಾಲ್ಲೂಕಿನ ಕಬ್ಬು ಬೆಳೆಯುವ ಒಬ್ಬ ಕಾಕಾ, 62 ವರ್ಷ, ಸಕ್ಕರೆ ಕಾಯಿಲೆಯವರು. ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದಿದ್ದರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

## ಮೊದಲು ಕೇಳುವವು

ಚೀಟಿ ಪೂರ್ತಿ ಕನ್ನಡಕ್ಕ ತರಬೇಕೋ, ಗುಳಿಗಿ ಯಾದಿ ಅಷ್ಟ ಸಾಕೋ?

ಪೂರ್ತಿ ಬೇಡ, ಯಾದಿಯೊಂದೇ ಸಾಲದು. ಚೀಟಿಯಲ್ಲಿ ಮನೆಯವರಿಗೆ ಬೇಕಾದ್ದು ನಾಲ್ಕು ಭಾಗ: ರೋಗದ ಹೆಸರು, ಏನು ಚಿಕಿತ್ಸೆ ಆಯಿತು, ಮನೆಯಲ್ಲಿ ತೆಗೆದುಕೊಳ್ಳುವ ಔಷಧ, ಮತ್ತೆ ಯಾವಾಗ ಬರಬೇಕು ಹಾಗೂ ಏನಾದರೆ ತಡಮಾಡದೆ ಓಡಬೇಕು ಅನ್ನುವುದು. ರಕ್ತ ಪರೀಕ್ಷೆಯ ಉದ್ದನೆಯ ಕೋಷ್ಟಕವನ್ನು ಕನ್ನಡಕ್ಕೆ ತರುವುದು ವ್ಯರ್ಥ ಶ್ರಮ. ಅದನ್ನು ಓದುವವರು ಮುಂದಿನ ಡಾಕ್ಟರು, ಅವರಿಗೆ ಮೂಲ ಕಾಗದವೇ ಬೇಕು.

ಕನ್ನಡದ ಹಾಳೆ ಮೂಲ ಚೀಟಿಯ ಜೊತೆಗೆ ಇರುವಂಥದ್ದು, ಅದರ ಬದಲಿಗೆ ಇರುವಂಥದ್ದಲ್ಲ. ದವಾಖಾನೆಗೆ ಹೋಗುವಾಗ ಎರಡೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹೋಗಲಿ. ಹಾಳೆಯ ತಲೆಯಲ್ಲಿ ಪೇಶಂಟ್ ಹೆಸರು, ಡಿಸ್ಚಾರ್ಜ್ ಆದ ದಿನಾಂಕ, ಬರೆದವರ ಹೆಸರು ಇರಲಿ. ಆರು ತಿಂಗಳ ಹಿಂದಿನ ಹಾಳೆ ಹಿಡಿದು ಗುಳಿಗೆ ನುಂಗಿಸುತ್ತಿದ್ದ ಮನೆಗಳನ್ನು ನೋಡಿದ್ದೇನೆ. ತಾರೀಖು ಇದ್ದಿದ್ದರೆ ಯಾರಾದರೂ ಗಮನಿಸುತ್ತಿದ್ದರು.

ಗುಳಿಗಿ ಹೆಸರು ಕನ್ನಡ ಅಕ್ಷರದಾಗ ಬರದ್ರ ಏನ್ ತಪ್ಪ ಐತ್ರಿ?

ಬರೆಯಿರಿ, ಆದರೆ ಅದನ್ನು ಮಾತ್ರ ಬರೆಯಬೇಡಿ. ಗುಳಿಗೆಯ ಪಟ್ಟಿಯ, ಅಂದರೆ ಸ್ಟ್ರಿಪ್ಪಿನ, ಮೇಲಿರುವ ಇಂಗ್ಲಿಷ್ ಹೆಸರನ್ನು ದೊಡ್ಡಕ್ಷರದಲ್ಲಿ, ಒಂದೊಂದೇ ಅಕ್ಷರ ನೋಡಿ ಬರೆದು, ಅದರ ಕೆಳಗೆ ಕನ್ನಡದಲ್ಲಿ ಉಚ್ಚಾರ ಬರೆಯಿರಿ. ಕನ್ನಡ ಹೆಸರು ಮನೆಯಲ್ಲಿ ಓದಿ ಹೇಳಲಿಕ್ಕೆ. ಅಂಗಡಿಗೆ, ಡಾಕ್ಟರಿಗೆ ತೋರಿಸುವುದು ಇಂಗ್ಲಿಷ್ ಹೆಸರು.

ಕಾರಣ ಇಷ್ಟೇ: ಕನ್ನಡದಲ್ಲಿ ಬರೆದ ಹೆಸರನ್ನು ನಾನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಕಪಾಟಿನಲ್ಲಿ ಹುಡುಕಬೇಕಾಗುತ್ತದೆ. ಎರಡು ಸಲ ದಾಟುವಾಗ ಒಂದು ಅಕ್ಷರ ಬಿದ್ದುಹೋದರೆ ಮೆಟ್‌ಫಾರ್ಮಿನ್ ಹೋಗಿ ಮೆಟ್ರೋನಿಡಜೋಲ್ ಆಗಬಹುದು. ಮೊದಲನೆಯದು ಸಕ್ಕರೆ ಕಾಯಿಲೆಗೆ, ಎರಡನೆಯದು ಸೋಂಕಿಗೆ.

ಹೆಸರಿನ ಬಾಲವನ್ನಂತೂ ಬಿಡಲೇಬೇಡಿ. ಟೆಲ್ಮಾ 40 ಎಂದರೆ ಟೆಲ್ಮಿಸಾರ್ಟನ್ ಒಂದೇ. ಟೆಲ್ಮಾ ಎಎಂ ಎಂದರೆ ಅದರ ಜೊತೆಗೆ ಆಮ್ಲೋಡಿಪಿನ್ ಸೇರಿದೆ, ಟೆಲ್ಮಾ ಎಚ್ ಎಂದರೆ ಮೂತ್ರ ಹೆಚ್ಚಿಸುವ ಔಷಧ ಸೇರಿದೆ. ಮನೆಯಲ್ಲಿ ಮೂರಕ್ಕೂ "ಬಿಪಿ ಗುಳಿಗಿ" ಎಂದೇ ಹೆಸರು. ಹಾಗೆಯೇ ಎಕ್ಸ್‌ಎಲ್, ಎಸ್‌ಆರ್ ಎಂದು ಕೊನೆಗೆ ಇದ್ದರೆ ಅದು ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಲೆಂದು ಮಾಡಿದ ಗುಳಿಗೆ. ಅಂಥದರ ಮುಂದೆ "ಕುಟ್ಟಿ ಪುಡಿ ಮಾಡಬಾರದು, ಅಗಿಯಬಾರದು" ಎಂದು ನಾನು ಸೇರಿಸುತ್ತೇನೆ.

1-0-1 ಅಂದ್ರ ಗೊತ್ತಾತು. ಆದ್ರ ಒಡಿ, ಬಿಡಿ, ಎಚ್‌ಎಸ್, ಎಸ್‌ಒಎಸ್ ಅಂತ ಬರದಿರ್ತಾರಲ್ರಿ, ಅವು ಏನು?

ಒಡಿ ಎಂದರೆ ದಿನಕ್ಕೆ ಒಮ್ಮೆ, ಬಿಡಿ ಎಂದರೆ ಎರಡು ಸಲ, ಟಿಡಿಎಸ್ ಎಂದರೆ ಮೂರು ಸಲ. ಎಚ್‌ಎಸ್ ಎಂದರೆ ರಾತ್ರಿ ಮಲಗುವಾಗ. ಎಸ್‌ಒಎಸ್ ಎಂದರೆ ತ್ರಾಸ ಆದಾಗ ಮಾತ್ರ. ಸ್ಟ್ಯಾಟ್ ಎಂದರೆ ಆ ಕ್ಷಣಕ್ಕೆ ಒಂದೇ ಸಲ, ಅದು ಹೆಚ್ಚಾಗಿ ಆಸ್ಪತ್ರೆಯಲ್ಲೇ ಮುಗಿದ ವಿಷಯ.

"ಬಿಡಿ" ಎಂಬ ಎರಡಕ್ಷರವನ್ನು ಕನ್ನಡದಲ್ಲಿ ಹಾಗೆಯೇ ಬರೆದಿಟ್ಟರೆ ಏನಾಗುತ್ತದೆ ಯೋಚಿಸಿ. ಒಬ್ಬ ಹುಡುಗ "ಮೆಟ್‌ಫಾರ್ಮಿನ್ 500 ಬಿಡಿ" ಎಂದು ಬರೆದಿದ್ದ. ಅವನ ಅಜ್ಜಿ ಅದನ್ನು ಓದಿ ಗುಳಿಗೆಯನ್ನೇ ಬಿಟ್ಟಿದ್ದರು. ನಗು ಬರುವಂಥದ್ದು, ಆದರೆ ಎಂಟು ದಿನಕ್ಕೆ ಸಕ್ಕರೆ ಏರಿತ್ತು. ಆದ್ದರಿಂದ ಇಂಥ ಚಿಕ್ಕ ಗುರುತುಗಳನ್ನು ಯಾವಾಗಲೂ ಪೂರ್ತಿ ಮಾತಿನಲ್ಲಿ ಬಿಡಿಸಿ ಬರೆಯಿರಿ: "ದಿನಕ್ಕೆ ಎರಡು ಸಲ, ಮುಂಜಾನೆ 1, ರಾತ್ರಿ 1".

ಅಂಕಿ ಕನ್ನಡದ್ದ ಬರೀಲ್ಯಾ, ಇಂಗ್ಲಿಷಿನ್ದ ಬರೀಲ್ಯಾ?

1, 2, 3 ಎಂದೇ ಬರೆಯಿರಿ. ಕನ್ನಡದ ಒಂದು ದುಂಡಗಿದೆ, ಅವಸರದಲ್ಲಿ ಬರೆದರೆ ಸೊನ್ನೆಯಂತೆ ಕಾಣುತ್ತದೆ. ಬೆಳಗಾವಿ ಕಡೆ ಮನೆಯಲ್ಲಿ ಮರಾಠಿ ಓದುವವರೂ ಇರುತ್ತಾರೆ, ಅವರ ಒಂದು ನಮ್ಮ ಕಣ್ಣಿಗೆ 9ರಂತೆ ಕಾಣುತ್ತದೆ. ಪಟ್ಟಿಯ ಮೇಲೆ ಯಾವ ಅಂಕಿ ಇದೆಯೋ ಹಾಳೆಯ ಮೇಲೂ ಅದೇ ಇದ್ದರೆ ಓದು ಬಾರದವರೂ ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಬಹುದು.

ಇನ್ನು ಅಳತೆಯ ಮಾತು. ಮಿಲಿಗ್ರಾಂ, ಮೈಕ್ರೋಗ್ರಾಂ ಎರಡನ್ನೂ ಚುಟುಕಾಗಿಸಿ ಮಿ.ಗ್ರಾಂ, ಮೈ.ಗ್ರಾಂ ಎಂದು ಬರೆಯುವವರಿದ್ದಾರೆ. ಒಂದು ಸ್ವರಚಿಹ್ನೆ ತಪ್ಪಿದರೆ ಡೋಸು ಸಾವಿರ ಪಟ್ಟು ಬದಲಾದಂತೆ. ಥೈರಾಯ್ಡ್ ಗುಳಿಗೆಗಳು ಮೈಕ್ರೋಗ್ರಾಂನಲ್ಲಿ ಇರುತ್ತವೆ, ಅಲ್ಲಿ ಪೂರ್ತಿ ಪದ ಬರೆಯಿರಿ. ಅರ್ಧ ಮಿಲಿಗ್ರಾಂ ಇದ್ದರೆ 0.5 ಎಂದು ಮುಂದೆ ಸೊನ್ನೆ ಹಾಕಿ. ಬರೀ ಚುಕ್ಕಿ ಹಾಕಿದರೆ ಅದು ಮಾಸಿ 5 ಆಗುತ್ತದೆ. 5.0 ಎಂದು ಹಿಂದೆ ಸೊನ್ನೆ ಹಾಕಬೇಡಿ, ಅದು 50 ಆಗಿ ಕಾಣುತ್ತದೆ.

## ಗುಳಿಗೆ, ಡೋಸು, ಹೊತ್ತು

ಚೀಟಿಯೊಳಗ ಒಂದ ಗುಳಿಗಿ ಎರಡು ಕಡೆ ಐತಿ, ಡೋಸ್ ಬ್ಯಾರೆ ಬ್ಯಾರೆ ಐತಿ. ಯಾವುದು ಖರೆ?

ಎರಡೂ ಖರೆ, ಆದರೆ ಒಂದು ಮುಗಿದ ಕಥೆ. ಜಮಖಂಡಿಯ ಕಾಕಾ ಅವರ ಚೀಟಿಯಲ್ಲಿ ಇದೇ ಇತ್ತು. ಆಸ್ಪತ್ರೆಯಲ್ಲಿ ಏನೇನಾಯಿತು ಎಂಬ ಪ್ಯಾರಾದಲ್ಲಿ ಆಸ್ಪಿರಿನ್ 325 ಮಿಲಿಗ್ರಾಂ, ಟಿಕಾಗ್ರೆಲಾರ್ 180 ಮಿಲಿಗ್ರಾಂ ಎಂದಿತ್ತು. ಅದು ಅಟ್ಯಾಕ್ ಆಗಿ ಬಂದ ಕೂಡಲೇ ಒಂದೇ ಸಲ ಕೊಡುವ ದೊಡ್ಡ ಡೋಸು. ಕೊನೆಯ ಪುಟದಲ್ಲಿ, ಮನೆಗೆ ಕೊಟ್ಟ ಸಲಹೆಯಲ್ಲಿ, ಆಸ್ಪಿರಿನ್ 75 ದಿನಕ್ಕೊಮ್ಮೆ, ಟಿಕಾಗ್ರೆಲಾರ್ 90 ದಿನಕ್ಕೆ ಎರಡು ಸಲ ಎಂದಿತ್ತು. ಅವರ ಮಗ ಮೊದಲ ಪುಟದಿಂದ ಬರೆಯುತ್ತ ಬಂದು 180 ಎಂದು ಗುರುತು ಮಾಡಿಕೊಂಡಿದ್ದ, ಅಂದರೆ ಹೊತ್ತಿಗೆ ಎರಡೆರಡು ಗುಳಿಗೆ.

ಹಾಗಾಗಿ ಔಷಧದ ಸಾಲುಗಳನ್ನು ಬರೆಯಲು ಶುರುಮಾಡಬೇಕಾದ್ದು ಕೊನೆಯಿಂದ, "ಡಿಸ್ಚಾರ್ಜ್ ಆಗುವಾಗಿನ ಸಲಹೆ" ಎಂಬ ತಲೆಬರಹದ ಕೆಳಗಿನಿಂದ. ಆಸ್ಪತ್ರೆಯಲ್ಲಿ ಕೊಟ್ಟದ್ದನ್ನೂ ಹೇಳಲೇಬೇಕೆಂದರೆ ಇನ್ನೊಂದು ಹಾಳೆಯಲ್ಲಿ, "ದವಾಖಾನೆಯಲ್ಲಿ ಕೊಟ್ಟಿದ್ದರು, ಈಗ ಇಲ್ಲ" ಎಂದು ಬರೆಯಿರಿ. ಡೋಸು ಇರುವ ಎರಡು ಸಾಲುಗಳು ಒಂದೇ ಹಾಳೆಯ ಮೇಲೆ ಎದುರುಬದುರು ಕೂರಬಾರದು.

ಆ ಕಾಕಾರ ಹಾಳಿ ಹೆಂಗ ಬರದ್ರಿ, ಒಮ್ಮೆ ತೋರಸ್ರಿ.

ಚೀಟಿಯಲ್ಲಿ ಏಳು ಔಷಧ ಇದ್ದವು. ನಾನು ಮೊದಲು ಮಾಡಿದ್ದು ಬರೆಯುವುದಲ್ಲ, ಅವರು ತಂದಿದ್ದ ಗುಳಿಗೆಯ ಚೀಲವನ್ನು ಮೇಜಿನ ಮೇಲೆ ಸುರಿದು ಚೀಟಿಯ ಒಂದೊಂದು ಸಾಲಿಗೂ ಒಂದೊಂದು ಪಟ್ಟಿ ಜೋಡಿಸಿದ್ದು. ಹೆಸರು, ಒಳಗಿನ ಔಷಧ, ಮಿಲಿಗ್ರಾಂ ಮೂರೂ ಕೂಡಿಬಂದ ಮೇಲೆಯೇ ಪೆನ್ನು ಹಿಡಿದೆ. ಒಂದು ಸಾಲು ಹೀಗಿತ್ತು:

ಟಿಕಾಗ್ರೆಲಾರ್ 90 ಮಿಲಿಗ್ರಾಂ. ಮುಂಜಾನೆ 1, ರಾತ್ರಿ 1. ಊಟದ ಮೊದಲಾದರೂ ನಂತರವಾದರೂ ನಡೆಯುತ್ತದೆ. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲು. ಹೃದಯದ ಡಾಕ್ಟರ್ ಹೇಳದೆ ಒಂದು ದಿನವೂ ನಿಲ್ಲಿಸಬಾರದು.

ಮೊದಲ ಎರಡು ತುಂಡು ಚೀಟಿಯ ನಕಲು, ಅವುಗಳಲ್ಲಿ ನನ್ನ ಮಾತು ಒಂದೂ ಇಲ್ಲ. "ಯಾಕೆ" ಎಂಬ ತುಂಡು ಚೀಟಿಯಲ್ಲಿ ಇರಲಿಲ್ಲ, ನಾನು ಸೇರಿಸಿದ್ದು. ಹೀಗೆ ಸೇರಿಸಿದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯುತ್ತೇನೆ, ಡಾಕ್ಟರ್ ಹೇಳಿದ್ದು ಯಾವುದು, ಅಂಗಡಿಯವ ಹೇಳಿದ್ದು ಯಾವುದು ಎಂದು ನೋಡಿದ ಕೂಡಲೇ ತಿಳಿಯಲಿ ಎಂದು. ನೀವು ಔಷಧ ಓದಿದವರಲ್ಲದಿದ್ದರೆ ಈ "ಯಾಕೆ" ಸಾಲನ್ನು ನಿಮ್ಮ ಊಹೆಯಿಂದ ತುಂಬಬೇಡಿ, ಕೇಳಿ ತುಂಬಿರಿ. ಆದರೆ ಖಾಲಿ ಬಿಡಬೇಡಿ. ಯಾಕೆಂದು ಗೊತ್ತಿಲ್ಲದ ಗುಳಿಗೆಯೇ ಮನೆಯಲ್ಲಿ ಮೊದಲು ನಿಲ್ಲುವುದು. ಟಿಕಾಗ್ರೆಲಾರ್‌ದಂಥ ಗುಳಿಗೆ ತೆಗೆದುಕೊಳ್ಳುವವರಿಗೆ ದಾಡಿ ಮಾಡುವಾಗ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಅದನ್ನು ನೋಡಿ ಹೆದರಿ ನಿಲ್ಲಿಸಿಬಿಡುತ್ತಾರೆ, ಹೊಸ ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯ ಇರುವುದು ಅಲ್ಲೇ.

ಕೊನೆಯ ಸಾಲು ಸಾರ್ಬಿಟ್ರೇಟ್ 5 ಮಿಲಿಗ್ರಾಂ, ತ್ರಾಸ ಆದಾಗ ಮಾತ್ರ. ಅದನ್ನು ಉಳಿದ ಆರರ ಜೊತೆ ಸೇರಿಸದೆ ಕೆಳಗೆ ಪೆಟ್ಟಿಗೆ ಹಾಕಿ ಬರೆದೆ: "ಎದೆನೋವು ಬಂದರೆ ಕುಳಿತುಕೊಂಡು, ಒಂದು ಗುಳಿಗೆ ನಾಲಿಗೆಯ ಕೆಳಗೆ ಇಡಬೇಕು. ನುಂಗಬಾರದು. 5 ನಿಮಿಷಕ್ಕೆ ನೋವು ಹೋಗದಿದ್ದರೆ 108ಕ್ಕೆ ಫೋನ್." ಚೀಟಿಯಲ್ಲಿ ಇದೆಲ್ಲ ಎರಡೇ ಚಿಕ್ಕ ಗುರುತಿನಲ್ಲಿ ಮುಗಿದಿತ್ತು.

ಮೊದಲಿನ ಗುಳಿಗಿ ಮನ್ಯಾಗ ಉಳಿದಾವು. ಹೊಸಾ ಚೀಟಿಯೊಳಗ ಅವುಗಳ ಸುದ್ದೀನ ಇಲ್ಲ. ತಗೋಬೇಕೋ ಬ್ಯಾಡೋ?

ನನ್ನ ಅನುಭವದಲ್ಲಿ ಅತಿ ಹೆಚ್ಚು ಅನಾಹುತ ಆಗುವ ಜಾಗ ಇದು, ಮತ್ತು ಅನುವಾದ ಎಷ್ಟೇ ಸರಿಯಿದ್ದರೂ ಇದನ್ನು ಹಿಡಿಯುವುದಿಲ್ಲ. ಯಾಕೆಂದರೆ ಇದು ಚೀಟಿಯಲ್ಲಿ ಇಲ್ಲದಿರುವ ಸಂಗತಿ.

ಕಾಕಾ ಅವರ ಹಳೆಯ ಡಬ್ಬಿಯಲ್ಲಿ ಎರಡು ಪಟ್ಟಿ ಇದ್ದವು: ಇಕೋಸ್ಪ್ರಿನ್ ಎವಿ 75/20 ಮತ್ತು ಟೆಲ್ಮಾ 40. ಮೊದಲನೆಯದರಲ್ಲಿ ಎರಡು ಔಷಧ ಸೇರಿವೆ, ಆಸ್ಪಿರಿನ್ 75 ಮತ್ತು ಅಟೋರ್ವಾಸ್ಟಾಟಿನ್ 20. ಹೊಸ ಚೀಟಿಯಲ್ಲಿ ಅವೇ ಎರಡು ಬಿಡಿಬಿಡಿಯಾಗಿ ಬೇರೆ ಹೆಸರಿನಲ್ಲಿ ಬಂದಿದ್ದವು, ಆಸ್ಪಿರಿನ್ 75 ಮತ್ತು ಅಟೋರ್ವಾಸ್ಟಾಟಿನ್ 40. ಮನೆಯವರು "ಹಳೇದು ಹೃದಯಕ್ಕ ಚಲೋ ಅಂತ ಹೇಳಿದ್ರು" ಎಂದು ಅದನ್ನೂ ನಡೆಸಿದ್ದರು. ಲೆಕ್ಕ ಹಾಕಿ: ಆಸ್ಪಿರಿನ್ 150, ಅಟೋರ್ವಾಸ್ಟಾಟಿನ್ 60. ಟಿಕಾಗ್ರೆಲಾರ್ ತೆಗೆದುಕೊಳ್ಳುವವರಿಗೆ ದಿನದ ಆಸ್ಪಿರಿನ್ 100 ಮಿಲಿಗ್ರಾಂ ದಾಟಬಾರದು, ದಾಟಿದರೆ ಟಿಕಾಗ್ರೆಲಾರ್ ಕೆಲಸವೇ ತಗ್ಗುತ್ತದೆ. ಅಂದರೆ ಒಳ್ಳೆಯದಕ್ಕೆಂದು ಸೇರಿಸಿದ ಗುಳಿಗೆ ಸ್ಟೆಂಟ್ ಕಾಯುವ ಗುಳಿಗೆಯನ್ನೇ ಕುಂದಿಸುತ್ತಿತ್ತು.

ಟೆಲ್ಮಾದ ವಿಷಯ ಬೇರೆ. ಅದು ಹೊಸ ಚೀಟಿಯಲ್ಲಿ ಯಾವ ರೂಪದಲ್ಲೂ ಇರಲಿಲ್ಲ. ಬೇಕೆಂದೇ ನಿಲ್ಲಿಸಿದ್ದೋ, ಬರೆಯಲು ಮರೆತದ್ದೋ? ಇದಕ್ಕೆ ಉತ್ತರ ನನ್ನಲ್ಲಿ ಇಲ್ಲ, ಚೀಟಿಯಲ್ಲೂ ಇಲ್ಲ. ಹಾಳೆಯ ಮೇಲೆ "ಟೆಲ್ಮಾ 40: ಮೊದಲು ತೆಗೆದುಕೊಳ್ಳುತ್ತಿದ್ದರು, ಹೊಸ ಚೀಟಿಯಲ್ಲಿ ಇಲ್ಲ, ಡಾಕ್ಟರನ್ನು ಕೇಳಬೇಕು" ಎಂದು ಬರೆದು, ಅಲ್ಲೇ ನಿಂತು ಆಸ್ಪತ್ರೆಯ ವಾರ್ಡಿಗೆ ಫೋನ್ ಮಾಡಿಸಿದೆ. ಬಿಪಿ ಕಡಿಮೆ ಇದ್ದುದರಿಂದ ಸದ್ಯಕ್ಕೆ ನಿಲ್ಲಿಸಿದ್ದೇವೆ, ಮುಂದಿನ ಭೇಟಿಗೆ ನೋಡುತ್ತೇವೆ ಎಂದರು. ಆ ಮಾತನ್ನು ತಾರೀಖಿನ ಸಮೇತ ಬರೆದಿಟ್ಟೆವು.

ಹಳೆಯ ಪಟ್ಟಿಗಳನ್ನು ಮನೆಯಲ್ಲೇ ಬೇರೆ ಡಬ್ಬಿಗೆ ಹಾಕಿ ಮೇಲೆ "ಕೇಳದೆ ತೆಗೆಯಬಾರದು" ಎಂದು ಬರೆಯಿರಿ.

ಮುಂಜಾನೆ, ಮಧ್ಯಾಹ್ನ, ರಾತ್ರಿ ಅಂತಾರ. ನಮ್ಮಪ್ಪ ನಸುಕಿನ್ಯಾಗ ಹೊಲಕ್ಕ ಹೋಗಿ ಹತ್ತಕ್ಕ ರೊಟ್ಟಿ ತಿಂತಾನ. "ಊಟಕ್ಕ ಮೊದಲ" ಅಂದ್ರ ಯಾವ ಊಟಕ್ಕ?

ಇದು ಭಾಷೆಯ ಪ್ರಶ್ನೆಯೇ. ಚೀಟಿ ಬರೆದವರ ಕಣ್ಣೆದುರು ಎಂಟಕ್ಕೆ ನಾಷ್ಟಾ, ಒಂದಕ್ಕೆ ಊಟ, ರಾತ್ರಿ ಎಂಟಕ್ಕೆ ಊಟ ಮಾಡುವ ಮನೆ ಇರುತ್ತದೆ. ನಿಮ್ಮ ಮನೆಯ ದಿನ ಹಾಗಿಲ್ಲದಿದ್ದರೆ ಗಡಿಯಾರದ ಹೊತ್ತು ಮತ್ತು ಊಟ ಎರಡನ್ನೂ ಸೇರಿಸಿ ಬರೆಯಿರಿ: "ಪ್ಯಾಂಟೊಪ್ರಜೋಲ್ 40, ಎದ್ದ ಮೇಲೆ ಖಾಲಿ ಹೊಟ್ಟೆಯಲ್ಲಿ, ಏನಾದರೂ ತಿನ್ನುವುದಕ್ಕೆ ಅರ್ಧ ಗಂಟೆ ಮೊದಲು. ಮೆಟ್‌ಫಾರ್ಮಿನ್ 500, ಹತ್ತರ ರೊಟ್ಟಿ ಉಂಡ ಮೇಲೆ." ಹೀಗೆ ಬರೆಯುವಾಗ ಎಷ್ಟು ಸಲ ಎಂಬುದು ಬದಲಾಗಬಾರದು, ಯಾವ ಹೊತ್ತಿಗೆ ಎಂಬುದು ಮಾತ್ರ ನಿಮ್ಮ ಮನೆಗೆ ಹೊಂದಬೇಕು. ದಿನಕ್ಕೆ ಎರಡು ಸಲದ್ದು ಎಂದರೆ ನಡುವೆ ಸುಮಾರು ಹನ್ನೆರಡು ತಾಸು. ಹತ್ತಕ್ಕೊಂದು, ಸಂಜೆ ನಾಲ್ಕಕ್ಕೊಂದು ಆಗಬಾರದು.

ಸಕ್ಕರೆ ಇಳಿಸುವ ಗುಳಿಗೆಗಳಲ್ಲಿ ಗ್ಲಿಮೆಪಿರೈಡ್‌ನಂಥವು ಇದ್ದರೆ ಇನ್ನೂ ಎಚ್ಚರ ಬೇಕು. ಅದನ್ನು ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ಬೆವರು, ನಡುಕ, ಕಣ್ಣುಗತ್ತಲೆ ಬರುತ್ತದೆ. ಉಪವಾಸದ ದಿನ ಏನು ಮಾಡಬೇಕೆಂದು ಡಾಕ್ಟರನ್ನು ಮೊದಲೇ ಕೇಳಿ ಬರೆದಿಡಿ. ಶ್ರಾವಣ ಸೋಮವಾರ ಮುಂಜಾನೆ ನನಗೆ ಬರುವ ಫೋನುಗಳು ಹೆಚ್ಚಾಗಿ ಇವೇ.

ಮಿರಜ್ ದವಾಖಾನಿಯವ್ರು ಪಾಕೀಟಿನ ಮ್ಯಾಲೆ ಮರಾಠಿಯೊಳಗ ಬರದಾರ, ಚೀಟಿ ಇಂಗ್ಲಿಷಿನ್ಯಾಗ ಐತಿ. ಯಾವುದನ್ನ ನೋಡಿ ಬರೀಲಿ?

ಹೆಸರು, ಡೋಸು, ಎಷ್ಟು ದಿನ ಎಂಬುದಕ್ಕೆ ಚೀಟಿ. ಪಾಕೀಟಿನ ಮೇಲಿನ ಬರಹ ಹೊತ್ತು ಮತ್ತು ಊಟ ತಿಳಿಯಲು ಸಹಾಯಕ್ಕೆ. "ಉಪಾಶೀ ಪೋಟೀ" ಎಂದಿದ್ದರೆ ಖಾಲಿ ಹೊಟ್ಟೆ, "ಜೇವಣಾನಂತರ" ಎಂದಿದ್ದರೆ ಊಟದ ನಂತರ, "ದುಪಾರೀ" ಎಂದರೆ ಮಧ್ಯಾಹ್ನ. ಎರಡಕ್ಕೂ ತಾಳೆಯಾಗದಿದ್ದರೆ ನೀವು ನ್ಯಾಯ ತೀರಿಸಬೇಡಿ, ಫೋನ್ ಮಾಡಿ ಕೇಳಿ. ಅವ್ವ ಮರಾಠಿ ಓದುತ್ತಾಳೆ, ಸೊಸೆ ಕನ್ನಡ ಓದುತ್ತಾಳೆ ಎಂದಾದರೆ ಹಾಳೆಯೂ ಎರಡು ಬೇಡ. ಒಂದೇ ಹಾಳೆಯಲ್ಲಿ ಎರಡು ಭಾಷೆಯ ಸಾಲು ಇರಲಿ. ಎರಡು ಹಾಳೆ ಇದ್ದರೆ ಮುಂದೆ ಡೋಸು ಬದಲಾದಾಗ ಒಂದನ್ನು ತಿದ್ದುತ್ತೀರಿ, ಇನ್ನೊಂದು ಹಾಗೇ ಉಳಿಯುತ್ತದೆ.

ಇನ್ಸುಲಿನ್ ಬರದು ಕೊಡೂದು ಹೆಂಗ?

ಅಂಕಿ ಆದ ಮೇಲೆ "ಯೂನಿಟ್" ಎಂಬ ಪೂರ್ತಿ ಪದ. ಇಂಗ್ಲಿಷಿನ ಯು ಅಕ್ಷರವನ್ನು ಅಂಕಿಗೆ ಅಂಟಿಸಿ ಬರೆದರೆ ಅದು ಸೊನ್ನೆಯಂತೆ ಕಂಡು 6 ಯೂನಿಟ್ 60 ಆಗಬಹುದು.

ಆಮೇಲೆ ಸಿರಿಂಜಿನ ಹೆಸರೂ ಬೇಕು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ ಇರುತ್ತದೆ. ಬಾಟಲಿ 40ರದ್ದು, ಸಿರಿಂಜ್ 100ರದ್ದಾದರೆ 20ರ ಗೆರೆಗೆ ಎಳೆದಾಗ ಒಳಗೆ ಹೋಗುವುದು 8 ಯೂನಿಟ್. ತಿರುಗಾ ಮುರುಗಾ ಆದರೆ 50. ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಇರಬೇಕು ಎಂದು ಹಾಳೆಯ ಮೇಲೆ ಬರೆಯಿರಿ.

## ರೋಗದ ಹೆಸರು

ಅಕ್ಯೂಟ್ ಅಂದ್ರ "ತೀವ್ರ" ಅಂತ ಬರದ್ವಿ. ಮನಿಮಂದಿ ಅಳಾಕತ್ರು. ಬ್ಯಾರೆ ಏನ್ ಬರೀಬೇಕಿತ್ತು?

ಪತ್ರಿಕೆಗಳಲ್ಲಿ ಹಾಗೆಯೇ ಬರೆಯುತ್ತಾರೆ, ಅದಕ್ಕೇ ಈ ಗೊಂದಲ. ಡಾಕ್ಟರು ಅಕ್ಯೂಟ್ ಎನ್ನುವುದು ಕಾಲದ ಮಾತು: ಇತ್ತೀಚೆಗೆ, ಒಮ್ಮೆಲೇ ಶುರುವಾದದ್ದು. ಕ್ರಾನಿಕ್ ಎಂದರೆ ಬಹುಕಾಲದಿಂದ ಇರುವುದು. ಎಷ್ಟು ಜೋರು ಎಂಬುದಕ್ಕೆ ಅವರ ಬೇರೆ ಪದಗಳಿವೆ: ಮೈಲ್ಡ್, ಮಾಡರೇಟ್, ಸಿವಿಯರ್. ಸಿವಿಯರ್ ಇದ್ದಲ್ಲಿ ಮಾತ್ರ "ತೀವ್ರ" ಎಂದು ಬರೆಯಿರಿ.

ಹೆದರಿಸುವ ಇನ್ನೊಂದು ಪದ ಹಾರ್ಟ್ ಫೇಲ್ಯೂರ್. "ಹೃದಯ ವೈಫಲ್ಯ" ಎಂದು ಬರೆದರೆ ಹಳ್ಳಿಯಲ್ಲಿ ಹೃದಯ ನಿಂತೇ ಹೋಗಿದೆ ಎಂದು ತಿಳಿಯುತ್ತಾರೆ. "ಹೃದಯ ರಕ್ತ ಪಂಪ್ ಮಾಡುವ ಶಕ್ತಿ ಸಾಲುತ್ತಿಲ್ಲ" ಎಂದರೆ ಅರ್ಥಕ್ಕೂ ಹತ್ತಿರ. ಹಾರ್ಟ್ ಅಟ್ಯಾಕ್, ಹಾರ್ಟ್ ಫೇಲ್ಯೂರ್, ಕಾರ್ಡಿಯಾಕ್ ಅರೆಸ್ಟ್ ಮೂರೂ ಬೇರೆ. ಮೊದಲನೆಯದರಲ್ಲಿ ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತದೆ, ಮೂರನೆಯದರಲ್ಲಿ ಹೃದಯದ ಬಡಿತವೇ ನಿಲ್ಲುತ್ತದೆ. ಕನ್ನಡದಲ್ಲಿ ಮೂರಕ್ಕೂ "ಹೃದಯಾಘಾತ" ಎಂದು ಬರೆಯುವುದು ತಪ್ಪು.

ನನ್ನ ಪದ್ಧತಿ ಹೀಗೆ: ಇಂಗ್ಲಿಷ್ ಹೆಸರು ಚೀಟಿಯಲ್ಲಿ ಇದ್ದಂತೆ, ಕನ್ನಡ ಅಕ್ಷರದಲ್ಲಿ ಅದರ ಉಚ್ಚಾರ, ಆಮೇಲೆ ಒಂದೇ ವಾಕ್ಯದ ವಿವರಣೆ. ಕಾಕಾ ಅವರಿಗೆ: "ಅಕ್ಯೂಟ್ ಇನ್‌ಫೀರಿಯರ್ ವಾಲ್ ಮಯೋಕಾರ್ಡಿಯಲ್ ಇನ್ಫಾರ್ಕ್ಷನ್. ಹೃದಯದ ಕೆಳಭಾಗದ ಗೋಡೆಗೆ ರಕ್ತ ಒಯ್ಯುವ ನಾಳ ಒಮ್ಮೆಲೇ ಕಟ್ಟಿ ಆದ ಹಾರ್ಟ್ ಅಟ್ಯಾಕ್." ಹೆಸರಿಗೆ ಬದಲಿ ಹೆಸರು ಹುಡುಕುತ್ತ ಕೂರುವುದಕ್ಕಿಂತ ಹೆಸರನ್ನು ಉಳಿಸಿ ವಿವರಿಸುವುದೇ ಲೇಸು.

"ಹಾರ್ಟ್ 45 ಪರ್ಸೆಂಟ್ ಅಷ್ಟ ಕೆಲಸ ಮಾಡಾಕತ್ತೈತಿ" ಅಂತ ಚೀಟಿಯೊಳಗ ಐತಿ. ಅರ್ಧಕ್ಕಿಂತ ಹೆಚ್ಚು ಹೋತೇನ್ರಿ?

ಇಲ್ಲ. ಇದು ಇಜೆಕ್ಷನ್ ಫ್ರ್ಯಾಕ್ಷನ್ ಎಂಬ ಅಳತೆ, ಎಕೋ ಪರೀಕ್ಷೆಯಲ್ಲಿ ಬರುವುದು. ಹೃದಯದ ಎಡ ಕೆಳಕೋಣೆ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. ಗಟ್ಟಿಮುಟ್ಟಾದ ಹೃದಯದಲ್ಲೂ ಅದು ನೂರು ಇರುವುದಿಲ್ಲ, ಸುಮಾರು 55ರಿಂದ 70 ಇರುತ್ತದೆ. ಹಾಗಾಗಿ 45 ಎಂದರೆ ಸ್ವಲ್ಪ ಕಡಿಮೆ.

ಅಂಕಿಯನ್ನು ಇದ್ದಂತೆ ಬರೆದರೂ ಅರ್ಥ ಕೆಡಬಹುದು ಎಂಬುದಕ್ಕೆ ಇದು ಉದಾಹರಣೆ. ಇಂಥ ಅಂಕಿಯ ಪಕ್ಕ ಸರಿಯಾದ ಮಿತಿಯನ್ನೂ ಬರೆಯಿರಿ: "45%, ಸಾಮಾನ್ಯವಾಗಿ 55ರ ಮೇಲೆ ಇರಬೇಕು."

ರೋಗದ ಹೆಸರಿನ ಮುಂದ ಪ್ರಶ್ನಾರ್ಥಕ ಚಿಹ್ನಿ ಐತಿ. ಬಿಟ್ಟು ಬರದ್ರ ನಡೀತೈತಾ?

ನಡೆಯುವುದಿಲ್ಲ. ಆ ಚಿಹ್ನೆ ಎಂದರೆ ಡಾಕ್ಟರಿಗೆ ಸಂಶಯ ಇದೆ, ಖಚಿತವಾಗಿಲ್ಲ. "ಟಿಬಿ ಇರಬಹುದೆಂಬ ಸಂಶಯ, ಇನ್ನೂ ಖಚಿತವಿಲ್ಲ" ಎಂದು ಬರೆಯಬೇಕು. ಚಿಹ್ನೆ ಬಿಟ್ಟರೆ ಸಂಶಯದ ರೋಗ ಮನೆಯಲ್ಲಿ, ಓಣಿಯಲ್ಲಿ ಖಚಿತ ರೋಗವಾಗುತ್ತದೆ. "ನೆಗೆಟಿವ್" ಎಂದಿದ್ದರೆ ಆ ಪರೀಕ್ಷೆಯಲ್ಲಿ ಅದು ಸಿಗಲಿಲ್ಲ ಎಂದರ್ಥ, ಕೆಟ್ಟದ್ದು ಎಂದಲ್ಲ. ಅದನ್ನೂ ಬಿಡಿಸಿ ಬರೆಯಿರಿ.

## ಕಷ್ಟದ ಪ್ರಶ್ನೆಗಳು

ಅಪ್ಪಗ ಕ್ಯಾನ್ಸರ್ ಅಂತ ಗೊತ್ತಾಗಬಾರದು. ಹಾಳಿಯೊಳಗ ಬ್ಯಾರೆ ರೋಗದ ಹೆಸರು ಬರದು ಕೊಡ್ರಿ.

ಅದನ್ನು ನಾನು ಬರೆಯುವುದಿಲ್ಲ, ನೀವೂ ಬರೆಯಬೇಡಿ. ಹೇಳಬೇಕೋ ಬೇಡವೋ ಎಂಬುದನ್ನು ನಿಮ್ಮ ಮನೆಯವರು ಡಾಕ್ಟರ ಜೊತೆ ಕುಳಿತು ಮಾತಾಡಿಕೊಳ್ಳಿ. ಅಪ್ಪನಿಗೇ ತಿಳಿಯುವ ಹಕ್ಕು ಇದೆ ಎಂಬುದು ನನ್ನ ಅಭಿಪ್ರಾಯ. ಆದರೆ ಸುಳ್ಳು ಹೆಸರು ಬರೆದ ಕಾಗದ ಮನೆಯಲ್ಲಿ ಉಳಿಯುತ್ತದೆ. ನಡುರಾತ್ರಿ ಜ್ವರ ಬಂದು ಊರಿನ ಡಾಕ್ಟರ ಹತ್ತಿರ ಓಡಿದಾಗ ಕೈಗೆ ಸಿಗುವುದು ಅದೇ. ಕೀಮೋ ತೆಗೆದುಕೊಂಡವರಿಗೆ ಬಂದ ಜ್ವರವನ್ನು ಸಾದಾ ಜ್ವರವೆಂದು ನೋಡಿದರೆ ಜೀವಕ್ಕೇ ಕುತ್ತು.

ನಾನು ಮಾಡುವುದು ಇಷ್ಟು: ಗುಳಿಗೆಯ ಹಾಳೆ ಬೇರೆ, ರೋಗದ ಹಾಳೆ ಬೇರೆ. ಗೋಡೆಗೆ ಅಂಟಿಸುವುದು ಗುಳಿಗೆಯ ಹಾಳೆ, ಅದರಲ್ಲಿ ರೋಗದ ಹೆಸರು ಇರುವುದಿಲ್ಲ. ಎಚ್‌ಐವಿ ವಿಷಯದಲ್ಲಂತೂ ಪೇಶಂಟ್ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ತಿಳಿಸಬಾರದೆಂದು 2017ರ ಕಾಯ್ದೆಯೇ ಇದೆ. ಅಂಥ ಚೀಟಿ ತಂದವರು ಪೇಶಂಟ್ ಅಲ್ಲದಿದ್ದರೆ, ಮೊದಲು ಪೇಶಂಟನ್ನು ಕೇಳಿಯೇ ಬರೆಯುವುದು.

ಚೀಟಿಯೊಳಗನ ತಪ್ಪ ಐತಿ. ಬಲಗಾಲಿಗೆ ಆಪರೇಶನ್ ಆಗೇತಿ, ಎಡಗಾಲು ಅಂತ ಬರದಾರ. ಕನ್ನಡದಾಗ ಸರಿ ಮಾಡಿ ಬರೀಲಾ?

ಇದ್ದಂತೆಯೇ ಬರೆದು ಪಕ್ಕದಲ್ಲಿ "ಚೀಟಿಯಲ್ಲಿ ಎಡಗಾಲು ಎಂದಿದೆ, ಆಪರೇಶನ್ ಆದದ್ದು ಬಲಗಾಲಿಗೆ ಎಂದು ಮನೆಯವರು ಹೇಳುತ್ತಾರೆ" ಎಂದು ಗುರುತು ಮಾಡಿ. ನೀವು ಕನ್ನಡದಲ್ಲಿ ತಿದ್ದಿದರೆ ಮೂಲದ ತಪ್ಪು ಮುಚ್ಚಿಹೋಗುತ್ತದೆ, ಯಾರೂ ಅದನ್ನು ಸರಿಪಡಿಸುವುದಿಲ್ಲ. ಆಸ್ಪತ್ರೆಗೆ ಹೋಗಿ ತಿದ್ದಿದ ಚೀಟಿಯನ್ನು ಸಹಿ, ದಿನಾಂಕದ ಸಮೇತ ತೆಗೆದುಕೊಳ್ಳಿ. ದಾಖಲೆಯ ನಕಲು ಕೇಳಿದರೆ 72 ತಾಸಿನೊಳಗೆ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮದಲ್ಲೇ ಇದೆ. ಗದ್ದಲ ಮಾಡುವ ಅಗತ್ಯವಿಲ್ಲ, ಅರ್ಜಿ ಬರೆದು ಕೊಡಿ.

ಕೈಬರಹ ಓದಲು ಬಾರದಿದ್ದಾಗಲೂ ಇದೇ ಮಾತು. ಓದಲು ಆಗದ ಜಾಗವನ್ನು ಖಾಲಿ ಬಿಟ್ಟು "ಓದಲು ಆಗಲಿಲ್ಲ, ಕೇಳಬೇಕು" ಎಂದು ಬರೆಯಿರಿ. "ಇದ ಇರಬೇಕು" ಎಂದು ತುಂಬಿದ ಡೋಸು ಖಾಲಿ ಜಾಗಕ್ಕಿಂತ ಕೆಟ್ಟದ್ದು.

ಜನೌಷಧಿ ಅಂಗಡ್ಯಾಗ ಬ್ಯಾರೆ ಹೆಸರಿನ ಗುಳಿಗಿ ಕೊಟ್ರು, ಬಣ್ಣಾನೂ ಬ್ಯಾರೆ. ಹಾಳಿ ಮತ್ತ ಬರೀಬೇಕಾ?

ಮೊದಲ ಸಲವೇ ಕಂಪನಿ ಹೆಸರಿನ ಜೊತೆ ಒಳಗಿನ ಔಷಧದ ಹೆಸರನ್ನೂ ಬರೆದಿದ್ದರೆ ಬೇಕಾಗುವುದಿಲ್ಲ. ಹೊಸ ಪಟ್ಟಿಯ ಮೇಲೆ ಅದೇ ಔಷಧ, ಅಷ್ಟೇ ಮಿಲಿಗ್ರಾಂ, ಎಕ್ಸ್‌ಎಲ್ ಅಥವಾ ಎಸ್‌ಆರ್ ಇದ್ದರೆ ಅದೂ ಹಾಗೆಯೇ ಇದೆಯೇ ನೋಡಿ, ಹಾಳೆಯ ಮೇಲೆ ಹೊಸ ಹೆಸರು ಸೇರಿಸಿ. "ಕೆಂಪು ಗುಳಿಗಿ ರಾತ್ರಿ" ಎಂದು ಬಣ್ಣದ ಮೇಲೆ ಗುರುತು ಇಟ್ಟುಕೊಂಡವರೇ ಇಲ್ಲಿ ಸಿಕ್ಕಿಬೀಳುವುದು. ಓದು ಬಾರದ ಅವ್ವನಿಗಾಗಿ ಸೂರ್ಯ, ಚಂದ್ರನ ಚಿತ್ರ ಬರೆಯಿರಿ. ಪಟ್ಟಿಯನ್ನು ಕತ್ತರಿಸುವಾಗ ಹೆಸರು ಇರುವ ತುದಿಯನ್ನು ಕೊನೆಗೆ ಉಳಿಸಿರಿ.

ನಾ ಬರದದ್ದು ಸರಿ ಐತಿ ಅಂತ ಹೆಂಗ ತಿಳೀಬೇಕು?

ಬರೆದವರೇ ಪರೀಕ್ಷಿಸಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಇನ್ನೊಬ್ಬರಿಗೆ ಕನ್ನಡದ ಹಾಳೆ ಮಾತ್ರ ಕೊಟ್ಟು ಓದಲು ಹೇಳಿ, ನೀವು ಮೂಲ ಚೀಟಿ ಹಿಡಿದು ಬೆರಳಿಟ್ಟು ಹೋಲಿಸಿ. ಔಷಧಗಳ ಸಂಖ್ಯೆ ಎರಡರಲ್ಲೂ ಒಂದೇ ಇರಬೇಕು.

ಆಮೇಲೆ ಗುಳಿಗೆ ಕೊಡುವವರನ್ನು ಕೇಳಿ. "ತಿಳೀತಿಲ್ಲೋ?" ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ನಾಳೆ ಮುಂಜಾನೆ ಏನೇನು ಕೊಡ್ತೀರಿ, ತೆಗೆದು ತೋರಿಸ್ರಿ" ಎನ್ನಬೇಕು. ಕಾಕಾ ಅವರ ಸೊಸೆ ಮುಂಜಾನೆಯ ಗುಳಿಗೆ ನಾಲ್ಕನ್ನೂ ಸರಿಯಾಗಿ ತೆಗೆದಿಟ್ಟು, ಐದನೆಯದಾಗಿ ಸಾರ್ಬಿಟ್ರೇಟ್ ಇಟ್ಟಳು. ಪೆಟ್ಟಿಗೆಯೊಳಗೆ ಬರೆದದ್ದನ್ನು ಬಹಳ ಮುಖ್ಯವಾದದ್ದು, ದಿನಾ ಕೊಡಬೇಕು ಎಂದುಕೊಂಡಿದ್ದಳಂತೆ. ಆ ಸಾಲನ್ನು ಹಾಳೆಯ ಹಿಂಬದಿಗೆ ಬರೆದೆ, ಪಟ್ಟಿಯನ್ನೂ ಬೇರೆ ಪಾಕೀಟಿಗೆ ಹಾಕಿಸಿ ಕಾಕಾರ ಅಂಗಿಯ ಕಿಸೆಗೆ ಕಳಿಸಿದೆ.

ಐದನೆಯ ದಿನ ಪಟ್ಟಿ ಎಣಿಸಿ. ದಿನಕ್ಕೆ ಎರಡರಂತೆ ಹತ್ತರ ಪಟ್ಟಿ ಐದು ದಿನಕ್ಕೆ ಖಾಲಿಯಾಗಬೇಕು. ಮೂರು ಉಳಿದಿದ್ದರೆ ಮೂರು ಹೊತ್ತು ತಪ್ಪಿದೆ. ಮೂರೇ ದಿನಕ್ಕೆ ಖಾಲಿಯಾಗಿದ್ದರೆ ಎಲ್ಲೋ ಎರಡೆರಡು ಹೋಗಿವೆ, ಹಾಳೆಯನ್ನೂ ಚೀಟಿಯನ್ನೂ ಹಿಡಿದು ಅವತ್ತೇ ಡಾಕ್ಟರ ಹತ್ತಿರ ಹೋಗಿ.